ಅಡಿಕೆ ಮೆಷಿನ್ ಜಾಹೀರಾತಿಗೆ ಯಾರು ಬರ್ತಿದ್ದಾರೆ?

ಕೇಳುಗರೇ, ನಮಸ್ಕಾರ.

ಶಿವಮೊಗ್ಗ ಪೇಟೆಯಲ್ಲಿ ಹಸಿ ಅಡಿಕೆ ಸುಲಿಯುವ ಮೆಷಿನ್ ಮಾರುವ ಅಂಗಡಿ ಒಂದಿದೆ ಅಂತ ಇಟ್ಟುಕೊಳ್ಳಿ. ಕೊಯ್ಲು ಹತ್ತಿರ ಬಂತು ಅಂತ ಅಂಗಡಿಯವರು ಗೂಗಲ್‌ನಲ್ಲಿ ಜಾಹೀರಾತು ಹಾಕಿದ್ದಾರೆ. ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕು ಅಂತ ಕೊಟ್ಟ ಕೀವರ್ಡ್ ಒಂದೇ, 'ಅಡಿಕೆ ಮೆಷಿನ್'. ಅದೂ ಬ್ರಾಡ್ ಮ್ಯಾಚ್‌ನಲ್ಲಿ, ಅಂದ್ರೆ ಅದಕ್ಕೆ ಸಂಬಂಧ ಇದೆ ಅಂತ ಗೂಗಲ್‌ಗೆ ಅನ್ನಿಸಿದ ಬೇರೆ ಹುಡುಕಾಟಕ್ಕೂ ಕಾಣುವ ಹಾಗೆ. ಕ್ಲಿಕ್ ಬರ್ತಿವೆ, ದುಡ್ಡು ಖರ್ಚಾಗ್ತಿದೆ, ಫೋನ್ ಮಾತ್ರ ಅಪರೂಪಕ್ಕೆ ರಿಂಗ್ ಆಗ್ತಿದೆ.

ಇಂಥ ಹೊತ್ತಲ್ಲಿ ತೆರೆದು ನೋಡಬೇಕಾದ್ದು ಸರ್ಚ್ ಟರ್ಮ್ಸ್ ರಿಪೋರ್ಟ್. ಕೀವರ್ಡ್ ನಾವು ಕೊಟ್ಟಿದ್ದು. ಸರ್ಚ್ ಟರ್ಮ್ ಅಂದ್ರೆ ಗಿರಾಕಿ ತನ್ನ ಮೊಬೈಲ್‌ನಲ್ಲಿ ನಿಜವಾಗಿ ಟೈಪ್ ಮಾಡಿದ್ದು. ಬ್ರಾಡ್ ಮ್ಯಾಚ್‌ನಲ್ಲಿ ಇವೆರಡರ ನಡುವೆ ಬಹಳ ದೂರ ಇರಬಹುದು. ರಿಪೋರ್ಟನ್ನು ಖರ್ಚಿನ ಲೆಕ್ಕದಲ್ಲಿ ಜೋಡಿಸಿ, ಜಾಸ್ತಿ ದುಡ್ಡು ತಿಂದ ಸಾಲು ಮೇಲೆ ಬರುವ ಹಾಗೆ.

ನಮ್ಮ ಅಂಗಡಿಯ ರಿಪೋರ್ಟಲ್ಲಿ ಮೇಲಿನ ಸಾಲು 'ಅಡಿಕೆ ರೇಟ್ ಟುಡೇ ಶಿವಮೊಗ್ಗ'. ಇವರು ಮಂಡಿಗೆ ಮಾಲು ಹಾಕೋ ಮುಂಚೆ ಧಾರಣೆ ನೋಡುವವರು. ಮೆಷಿನ್ ಬೇಡ ಅವರಿಗೆ. ಸರಿ, 'ರೇಟ್' ಅನ್ನೋ ಪದವನ್ನೇ ನೆಗೆಟಿವ್ ಮಾಡಿಬಿಡೋಣ, ಅಂದ್ರೆ ಆ ಪದ ಇರುವ ಹುಡುಕಾಟಕ್ಕೆ ಜಾಹೀರಾತು ಕಾಣದ ಹಾಗೆ ತಡೆಯೋಣ ಅನ್ನಿಸುತ್ತೆ ಅಲ್ವಾ? ಸ್ವಲ್ಪ ತಡೆಯಿರಿ. ನಾಲ್ಕು ಸಾಲು ಕೆಳಗೆ 'ಹಸಿ ಅಡಿಕೆ ಸುಲಿಯೋ ಮೆಷಿನ್ ರೇಟ್' ಅಂತ ಇನ್ನೊಂದಿದೆ. ಬೆಲೆ ಕೇಳ್ತಿರುವ ಈತನೇ ಕೊಳ್ಳುವ ಗಿರಾಕಿ. 'ರೇಟ್' ಒಂದನ್ನೇ ತಡೆದರೆ ಈತನಿಗೂ ಜಾಹೀರಾತು ಕಾಣೋದಿಲ್ಲ. ಹಾಗಾಗಿ 'ಅಡಿಕೆ ರೇಟ್' ಅನ್ನೋ ಜೋಡಿಯನ್ನು ಫ್ರೇಸ್ ಮ್ಯಾಚ್ ನೆಗೆಟಿವ್ ಆಗಿ ಹಾಕಬೇಕು. ಆ ಎರಡು ಪದ ಅದೇ ಕ್ರಮದಲ್ಲಿ, ಒಂದರ ಪಕ್ಕ ಒಂದು ಬಂದರೆ ಮಾತ್ರ ಅದು ತಡೆಯುತ್ತೆ. ಮೆಷಿನ್ ರೇಟ್ ಕೇಳಿದವನಿಗೆ ತೊಂದರೆಯಿಲ್ಲ.

ಆದರೆ ಕೆಲಸ ಇಷ್ಟಕ್ಕೇ ಮುಗಿಯಲಿಲ್ಲ. ನೆಗೆಟಿವ್ ಕೀವರ್ಡ್ ಸಮಾನಾರ್ಥದ ಪದಗಳನ್ನು ತಾನಾಗಿ ಹಿಡಿಯೋದಿಲ್ಲ. 'ಅಡಿಕೆ ರೇಟ್' ತಡೆದರೂ 'ಅಡಿಕೆ ಧಾರಣೆ', 'ಅಡಿಕೆ ಬೆಲೆ', 'ಅರೆಕಾನಟ್ ಪ್ರೈಸ್' ಒಳಗೆ ನುಗ್ಗುತ್ತವೆ. ಒಂದೊಂದನ್ನೂ ಬೇರೆ ಬೇರೆಯಾಗಿ ಸೇರಿಸಬೇಕು. ನಮ್ಮ ಜನ ಇದನ್ನೇ ಕನ್ನಡ ಅಕ್ಷರದಲ್ಲೂ ಬರೀತಾರೆ, ಇಂಗ್ಲಿಷ್ ಅಕ್ಷರದಲ್ಲೂ ಬರೀತಾರೆ. ಎರಡನ್ನೂ ಹಾಕಿ. 'ಅಡಕೆ' ಅಂತ ಬರೆಯುವವರನ್ನು ಮರೀಬೇಡಿ.

'ಹಾಳೆ ತಟ್ಟೆ ಮೆಷಿನ್' ಅನ್ನೋ ಸಾಲು ಸುಲಭದ್ದು. ಅಂಗಡಿಯಲ್ಲಿ ಅದಿಲ್ಲ, ಸುಮ್ನೆ ತಡೆದುಬಿಡಿ.

ಈಗ ಒಳ್ಳೆಯ ಸಾಲಿಗೆ ಬರೋಣ. 'ಹಸಿ ಅಡಿಕೆ ಸುಲಿಯೋ ಮೆಷಿನ್' ಅಂತ ಹುಡುಕಿದವರಿಂದ ಎರಡು ಮೂರು ಫೋನ್ ಬಂದಿವೆ ಅನ್ನಿ. ಹೇಗೂ ಜಾಹೀರಾತು ಕಾಣ್ತಿದೆಯಲ್ಲ, ಮತ್ತೆ ಯಾಕೆ ಸೇರಿಸಬೇಕು? ಅದನ್ನೇ ಎಕ್ಸಾಕ್ಟ್ ಮ್ಯಾಚ್ ಕೀವರ್ಡ್ ಮಾಡಿದರೆ, ಹಾಗೇ ಟೈಪ್ ಮಾಡಿದವರಿಗೆ ಗೂಗಲ್ ಆ ಕೀವರ್ಡನ್ನೇ ಮೊದಲು ಆರಿಸುತ್ತೆ. ಬೇರೆ ಆಡ್ ಗ್ರೂಪ್‌ನಲ್ಲಿ, ಅಂದ್ರೆ ಕೀವರ್ಡ್ ಮತ್ತು ಜಾಹೀರಾತುಗಳ ಬೇರೆ ಗುಂಪಿನಲ್ಲಿಟ್ಟರೆ ಅದಕ್ಕೆ ತಕ್ಕ ಜಾಹೀರಾತು ಬರೆಯಬಹುದು: ಹಸಿ ಕಾಯಿಗೆ, ಕೆಂಪಡಿಕೆ ಮಾಡುವವರಿಗೆ ಅಂತ. ಒಣಗಿಸಿದ ಚಾಲಿ ಸುಲಿಯುವ ಮೆಷಿನ್ ಬೇರೆಯೇ. ಅಂಗಡಿಯಲ್ಲಿ ಅದೂ ಇದ್ದರೆ ಅದಕ್ಕೆ ಇನ್ನೊಂದು ಆಡ್ ಗ್ರೂಪ್ ಮಾಡಿ, 'ಚಾಲಿ' ಪದವನ್ನು ಹಸಿ ಗ್ರೂಪಿಗೆ ಮಾತ್ರ ನೆಗೆಟಿವ್ ಕೊಡಿ. ಇಡೀ ಕ್ಯಾಂಪೇನ್‌ಗೆ ಕೊಟ್ಟರೆ ಎರಡನೇ ಗ್ರೂಪಿಗೂ ಬಾಗಿಲು ಮುಚ್ಚಿದಂತೆ.

ನನಗೆ ತುಂಬಾ ಇಷ್ಟವಾದ ಸಾಲು 'ಅಡಿಕೆ ಸುಲಿಯೋ ಮೆಷಿನ್ ಬಾಡಿಗೆ ತೀರ್ಥಹಳ್ಳಿ'. ಕ್ಲಿಕ್ ಕಡಿಮೆ, ಮಾರಾಟ ಸೊನ್ನೆ. ಕಂಪ್ಯೂಟರ್ ಮುಂದೆ ಕೂತವರು ಕೂಡಲೇ ತಡೆದುಬಿಡ್ತಾರೆ. ತಡೆಯೋ ಮುಂಚೆ ಅಂಗಡಿಯವರನ್ನು ಒಂದು ಮಾತು ಕೇಳಬೇಕು. ಅರ್ಧ ಎಕರೆ ತೋಟದವರು ಮೆಷಿನ್ ಕೊಳ್ಳೋದು ಕಷ್ಟ, ಬಾಡಿಗೆಗೆ ಸಿಕ್ಕರೆ ತಗೋತಾರೆ. ಅಂಗಡಿಯವರು ಬಾಡಿಗೆಗೆ ಕೊಡಲು ಒಪ್ಪಿದರೆ ಅದೇ ಹೊಸ ಆಡ್ ಗ್ರೂಪ್. ಒಪ್ಪದಿದ್ದರೆ ನೆಗೆಟಿವ್.

ಇನ್ನೊಂದು ವಿಷಯ. ಸಾಲುಗಳ ಕ್ಲಿಕ್ ಕೂಡಿದರೆ ಒಟ್ಟು ಕ್ಲಿಕ್‌ಗೆ ತಾಳೆ ಆಗೋದಿಲ್ಲ. 2020ರಿಂದ ಗೂಗಲ್, ಸಾಕಷ್ಟು ಜನ ಹುಡುಕದ ಪದಗಳನ್ನು ರಿಪೋರ್ಟಲ್ಲಿ ತೋರಿಸ್ತಿಲ್ಲ. ನಮ್ಮಂಥ ಸಣ್ಣ ಊರಿನ ಜಾಹೀರಾತಿಗೆ ಇದರ ಪೆಟ್ಟು ಹೆಚ್ಚು. ಅದಕ್ಕೇ ಇಡೀ ಸಾಲನ್ನು ನೆಗೆಟಿವ್ ಮಾಡೋದಕ್ಕಿಂತ, ಸಾಲು ಸಾಲಲ್ಲೂ ಮತ್ತೆ ಮತ್ತೆ ಬರುವ ಪದ ಯಾವುದು ಅಂತ ಹುಡುಕಿ. ಕಾಣುವ ಮೂರು ಸಾಲಲ್ಲಿ 'ಮಂಡಿ' ಇದ್ದರೆ, ಕಾಣದ ಸಾಲುಗಳಲ್ಲೂ ಅದು ಇರಬಹುದು. ಆ ಒಂದು ಪದ ತಡೆದರೆ ಅವೂ ನಿಲ್ಲುತ್ತವೆ. ಕೊಯ್ಲಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ನೋಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸಾಕು.

ನಮಸ್ಕಾರ.