ಪಗಾರ ಕೇಳಿದ ಮಾತ್ರಕ್ಕೆ ಸಲುಗೆ ಬೆಳೆಯುವುದಿಲ್ಲ

ಕೇಳುಗರಿಗೆ ನಮಸ್ಕಾರ.

ನಮ್ಮ ರಾಯಚೂರು ಸೀಮೆಯಲ್ಲಿ ಹೊಸಬರು ಸಿಕ್ಕರೆ ಮೊದಲ ಐದು ನಿಮಿಷದಲ್ಲಿ ಏನೇನು ಕೇಳುತ್ತೇವೆ ಎಂಬುದು ನಿಮಗೆ ಗೊತ್ತೇ ಇದೆ. ಯಾವೂರ್ರೀ, ಮಕ್ಕಳೆಷ್ಟು, ಮನಿ ಸ್ವಂತದ್ದೋ ಬಾಡಿಗಿದೋ, ಪಗಾರ ಎಷ್ಟು ಬರ್ತದ. ಬೇರೆ ಕಡೆಯಿಂದ ಬಂದವರು ಪಗಾರದ ಪ್ರಶ್ನೆಗೆ ಕಸಿವಿಸಿಗೊಳ್ಳುತ್ತಾರೆ. ನಮಗೆ ಮಾತ್ರ ಅದು ಕುಶಲ ವಿಚಾರಿಸಿದಷ್ಟೇ ಸಹಜ. ಇಷ್ಟಕ್ಕೂ ಉತ್ತರ ಕೊಟ್ಟು, ವರ್ಷಗಟ್ಟಲೆ ಒಂದೇ ಕಡೆ ಕೆಲಸ ಮಾಡಿಯೂ ಇಬ್ಬರು ದೂರದವರಾಗಿಯೇ ಉಳಿಯುವುದುಂಟು. ಪಗಾರ ಎಂಬುದು ಒಂದು ಮಾಹಿತಿ. ಪಗಾರ ಸಾಲದೆ ತಿಂಗಳ ಕೊನೆಗೆ ಎದೆ ಡವಗುಟ್ಟುತ್ತದಲ್ಲ, ಅದು ಬೇರೆ ಮಾತು. ಮನಶ್ಶಾಸ್ತ್ರಜ್ಞ ಜೀನ್-ಫಿಲಿಪ್ ಲಾರೆನ್ಸೋ ಮತ್ತು ಜೊತೆಯವರು, ಜನ ತಮ್ಮ ದಿನನಿತ್ಯದ ಮಾತುಕತೆಗಳನ್ನು ಆಗಿಂದಾಗಲೇ ಬರೆದಿಡುವಂತೆ ಮಾಡಿ, ಅದರ ಫಲಿತಾಂಶವನ್ನು 1998ರಲ್ಲಿ ಪ್ರಕಟಿಸಿದರು. ಹತ್ತಿರವಾದೆವು ಎಂಬ ಭಾವನೆ ಸಂಗತಿಗಳನ್ನು ಹೇಳಿದಾಗಿಗಿಂತ ಮನಸ್ಸಿನ ಭಾವನೆಗಳನ್ನು ಹೇಳಿಕೊಂಡಾಗ ಹೆಚ್ಚು ಬರುತ್ತಿತ್ತು. ಅದರ ಜೊತೆಗೆ ಇನ್ನೊಂದು ಬೇಕಿತ್ತು: ಎದುರಿನವರು ನನ್ನನ್ನು ಅರ್ಥಮಾಡಿಕೊಂಡರು, ನನ್ನ ಬಗ್ಗೆ ಅವರಿಗೆ ಕಾಳಜಿಯಿದೆ ಎಂದು ಹೇಳಿದವರಿಗೆ ಅನಿಸಬೇಕಿತ್ತು.

ಹಾಗಾದರೆ ಮನಸ್ಸಿನ ಭಾವನೆಗಳನ್ನೆಲ್ಲ ಮೊದಲ ದಿನವೇ ಸುರಿದುಬಿಟ್ಟರೆ ಬೇಗ ಹತ್ತಿರವಾಗಬಹುದೇ? ಬಹಳ ಜನ ಎಡವುವುದು ಇಲ್ಲಿಯೇ. ಇದನ್ನು ಒಂದು ಉದಾಹರಣೆಯಲ್ಲಿ ಇಟ್ಟು ನೋಡೋಣ.

ರಾಯಚೂರಿನಲ್ಲಿ ಮನೆ ಮಾಡಿ, ದಿನಾ ಮಾನ್ವಿಗೆ ಬಸ್ಸಿನಲ್ಲಿ ಹೋಗಿಬರುವ ಇಬ್ಬರು ಶಿಕ್ಷಕಿಯರು ಅಂದುಕೊಳ್ಳಿ. ಒಬ್ಬರು ಎಂಟು ವರ್ಷದಿಂದ ಅದೇ ಶಾಲೆಯಲ್ಲಿದ್ದಾರೆ. ಇನ್ನೊಬ್ಬರು ಹಾವೇರಿ ಕಡೆಯಿಂದ ಈಗಷ್ಟೇ ವರ್ಗವಾಗಿ ಬಂದವರು. ಅಕ್ಕಪಕ್ಕದ ಸೀಟು, ಒಂದು ಗಂಟೆಯ ದಾರಿ. ಮೂರನೆಯ ದಿನ ಹೊಸ ಟೀಚರ್ ಬಾಯಿ ಬಿಡುತ್ತಾರೆ. ಗಂಡನ ಕುಡಿತ, ಅತ್ತೆಯ ಬೈಗುಳ, ಬ್ಯಾಂಕಿನಲ್ಲಿ ಅಡವಿಟ್ಟ ಬಂಗಾರ, ತವರಿನವರು ಮಾತು ಬಿಟ್ಟಿದ್ದು, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತದೆ. ಹಳೆ ಟೀಚರ್ "ಅಯ್ಯ, ಹೌದೇನ್ರೀ" ಎನ್ನುತ್ತಾರೆ. ಒಂದೆರಡು ಸಲ ಕಿಟಕಿಯ ಕಡೆ ನೋಡುತ್ತಾರೆ. ಮರುದಿನ ಬ್ಯಾಗಿನಿಂದ ಮೊಬೈಲು ಹೊರಗೆ ಬರುತ್ತದೆ. ಅದರ ಮುಂದಿನ ವಾರ ಅವರು ಹದಿನೈದು ನಿಮಿಷ ಮೊದಲಿನ ಬಸ್ಸು ಹಿಡಿಯತೊಡಗುತ್ತಾರೆ. ಹೊಸ ಟೀಚರ್‌ಗೆ ಅನಿಸುವುದಿಷ್ಟು: ಈ ಊರಿನವರಿಗೆ ಕರುಳೇ ಇಲ್ಲ.

ಹಳೆ ಟೀಚರ್‌ಗೆ ಕರುಳಿಲ್ಲ ಎಂದಲ್ಲ. ಅವರ ಮನಸ್ಸಿನಲ್ಲಿ ನಡೆದದ್ದೇ ಬೇರೆ. ಮೊದಲನೆಯದಾಗಿ, ಮೂರೇ ದಿನದ ಪರಿಚಯದಲ್ಲಿ ಇಷ್ಟು ಹೇಳಿದವರು ಯಾರ ಮುಂದಾದರೂ ಹೇಳುತ್ತಾರೆ ಎಂದು ಅವರಿಗೆ ಅನಿಸಿದೆ. ಅಂದರೆ ಆ ಮಾತು ನನ್ನನ್ನು ನಂಬಿ ಬಂದದ್ದಲ್ಲ, ಪಕ್ಕದ ಸೀಟಿನಲ್ಲಿ ಯಾರು ಕೂತಿದ್ದರೂ ಬರುತ್ತಿತ್ತು. 1976ರಲ್ಲಿ ಕ್ಯಾಮಿಲ್ ವರ್ಟ್‌ಮನ್ ಮತ್ತು ಸಂಗಡಿಗರು ಇದನ್ನೇ ಪ್ರಯೋಗದಲ್ಲಿ ನೋಡಿದ್ದರು. ಹತ್ತು ನಿಮಿಷದ ಮಾತುಕತೆ. ಪ್ರಯೋಗ ನಡೆಸಿದವರೇ ಕೂರಿಸಿದ್ದ ಒಬ್ಬ ವ್ಯಕ್ತಿ ತೀರ ಖಾಸಗಿಯಾದ ಒಂದು ಸಂಗತಿಯನ್ನು ಕೆಲವರ ಹತ್ತಿರ ಶುರುವಿನಲ್ಲೇ ಹೇಳಿದ, ಕೆಲವರ ಹತ್ತಿರ ಕೊನೆಗೆ ಹೇಳಿದ. ಸಂಗತಿ ಅದೇ. ಕೊನೆಗೆ ಹೇಳಿದಾಗ ಆತ ಹೆಚ್ಚು ಇಷ್ಟವಾದ. ಶುರುವಿನಲ್ಲೇ ಹೇಳಿದಾಗ ಪಕ್ವತೆ ಇಲ್ಲದವನಂತೆ ಕಂಡ. ಕೊನೆಗೆ ಕೇಳಿಸಿಕೊಂಡವರಿಗೆ, ನನ್ನ ಜೊತೆ ಇಷ್ಟು ಹೊತ್ತು ಮಾತಾಡಿದ್ದಕ್ಕೇ ಈತ ಇದನ್ನು ಹೇಳಿದ ಎಂದು ತೋರುತ್ತದೆ. ಹತ್ತೇ ನಿಮಿಷದೊಳಗೆ ಇಷ್ಟು ವ್ಯತ್ಯಾಸ ಎಂಬುದನ್ನು ಗಮನಿಸಿ.

ಎರಡನೆಯದು ಋಣದ ಭಾರ. ಒಬ್ಬರು ತಮ್ಮ ಗುಟ್ಟು ಹೇಳಿದಾಗ ನಾವೂ ಏನಾದರೂ ಹೇಳಬೇಕು ಎಂಬ ಒತ್ತಡ ತಾನಾಗಿ ಬರುತ್ತದೆ. ಸಣ್ಣ ಮಾತಾದರೆ ಸಣ್ಣ ಮಾತಿನಿಂದಲೇ ತೀರಿಸಬಹುದು. ಅಷ್ಟು ದೊಡ್ಡ ದುಃಖವನ್ನು ಮುಂದಿಟ್ಟಾಗ ಹಳೆ ಟೀಚರ್ ಏನು ಕೊಡಬೇಕು? ತಮ್ಮ ಮನೆಯ ಜಗಳ ಹೇಳಲು ಅವರಿಗೆ ಇನ್ನೂ ಧೈರ್ಯವಿಲ್ಲ. ಸುಮ್ಮನಿದ್ದರೆ ಕಠೋರವಾಗಿ ಕಾಣುತ್ತದೆ. ಎರಡಕ್ಕಿಂತಲೂ ಬಸ್ಸು ಬದಲಿಸುವುದು ಸುಲಭ. ಮೂರನೆಯ ಕಾರಣ ನಮ್ಮಂಥ ಊರುಗಳಲ್ಲಿ ಇನ್ನೂ ಬಿರುಸು: ಕೇಳಿದವರು ಆ ಗುಟ್ಟನ್ನು ಕಾಯಬೇಕು. ನಾಳೆ ಅದು ಸ್ಟಾಫ್ ರೂಮಿನಲ್ಲಿ ಎದ್ದರೆ ಅನುಮಾನ ಮೊದಲು ಇವರ ಮೇಲೆಯೇ ಬರುತ್ತದೆ.

ಈಗ ಅದೇ ಬಸ್ಸು, ಅದೇ ಇಬ್ಬರು, ಬೇರೆ ದಾರಿ. ಮೊದಲ ವಾರ ಊರು, ಶಾಲೆ, ಬಿಸಿಲು. "ಈ ಬಿಸಿಲು ನನಗ ತಡಿಯಂಗಿಲ್ರೀ, ಮಧ್ಯಾಹ್ನದ ಕ್ಲಾಸಿನ್ಯಾಗ ತಲಿ ಸಿಡೀತದ" ಎಂದು ಹೊಸ ಟೀಚರ್ ಹೇಳುತ್ತಾರೆ. ಇದರಲ್ಲಿ ಒಂದು ಎಳೆಯಷ್ಟು ಕಷ್ಟವಿದೆ, ಗುಟ್ಟಿಲ್ಲ. ಹಳೆ ಟೀಚರ್ "ನಾ ಬಂದ ವರ್ಷ ಎರಡು ಸಲ ತಲಿ ತಿರುಗಿ ಬಿದ್ದಿದ್ದೆ, ಮಜ್ಜಿಗಿ ಬಾಟಲಿ ಇಟ್ಕೊಳ್ರಿ" ಎನ್ನುತ್ತಾರೆ. ತೂಕಕ್ಕೆ ತೂಕ ಬಂತು. ಕೆಲವು ದಿನ ಬಿಟ್ಟು ಹೊಸ ಟೀಚರ್ ಒಂದು ಮೆಟ್ಟಿಲು ಕೆಳಗಿಳಿಯುತ್ತಾರೆ: "ಒಂಬತ್ತನೇ ಕ್ಲಾಸಿನ ಹುಡುಗರು ನನ್ನ ಮಾತಿನ ಧಾಟಿ ಅಣಕಿಸ್ತಾರ್ರೀ, ಬೋರ್ಡ್ ಕಡೆ ತಿರುಗಿದ್ರ ಅಳು ಬಂದಂಗ ಆಗ್ತದ." ಈಗ ಎದುರಿನವರಿಂದ ಏನು ಬರುತ್ತದೆ ಎಂಬುದೇ ಮುಖ್ಯ.

ನೋಡಬೇಕಾದದ್ದು ಮೂರು. ಅವರು ತಮ್ಮ ಬದುಕಿನಿಂದ ಅಷ್ಟೇ ಆಳದ್ದೊಂದನ್ನು ಹೇಳಿದರೇ? ನಿಮ್ಮ ಮಾತನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳಿದರೇ? ಎರಡು ದಿನ ಬಿಟ್ಟು ತಾವಾಗಿಯೇ "ಆ ಹುಡುಗರು ಈಗ ಹೆಂಗದಾರ್ರೀ" ಎಂದು ನೆನಪಿಸಿಕೊಂಡರೇ? ನನ್ನ ಲೆಕ್ಕದಲ್ಲಿ ಕೊನೆಯದಕ್ಕೆ ಬೆಲೆ ಹೆಚ್ಚು. ಸೌಜನ್ಯಕ್ಕೆ ಯಾರಾದರೂ ತಲೆಯಾಡಿಸಬಹುದು. ಎರಡು ದಿನ ನೆನಪಿಟ್ಟುಕೊಳ್ಳಲು ಮನಸ್ಸು ಬೇಕು. ಮೂರರಲ್ಲಿ ಎರಡಾದರೂ ಬಂದರೆ ಇನ್ನೊಂದು ಮೆಟ್ಟಿಲು ಇಳಿಯಬಹುದು. "ಎಲ್ಲಾರಿಗೂ ಹಂಗ ಆಗ್ತದ ಬಿಡ್ರಿ" ಎಂದು ಮಾತು ಮುಗಿಸಿದರೆ ಇದ್ದಲ್ಲೇ ಇರಿ. ಅದು ತಿರಸ್ಕಾರವಾಗಬೇಕಿಲ್ಲ, ಅವರಿಗೆ ಅಂದು ತಲೆನೋವಿರಬಹುದು. ವಾರ ಬಿಟ್ಟು ಅದೇ ಆಳದ ಇನ್ನೊಂದು ಮಾತಾಡಿ ನೋಡಿ. ಆಗಲೂ ಹಾಗೆಯೇ ಆದರೆ ಆ ಸ್ನೇಹ ಬಿಸಿಲು, ಬಸ್ಸು, ಪರೀಕ್ಷೆಗಳ ಮಟ್ಟದ್ದು. ಅಂಥ ಸ್ನೇಹವೂ ದಿನದ ದಾರಿ ಸಾಗಿಸಲು ಬೇಕು, ಅದನ್ನು ಕೆಡಿಸಿಕೊಳ್ಳಬೇಡಿ.

ಸರದಿ ತಪ್ಪಬಾರದು ಎಂಬುದಕ್ಕೂ ಆಧಾರವಿದೆ. ಸೂಸನ್ ಸ್ಪ್ರೆಕರ್ ಮತ್ತು ಜೊತೆಯವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತರ ಕೆಲವು ಜೋಡಿಗಳು ಒಬ್ಬರಾದ ಮೇಲೆ ಒಬ್ಬರು ಪ್ರಶ್ನೆ ಕೇಳಿ ಉತ್ತರ ಹೇಳಿದರು. ಬೇರೆ ಜೋಡಿಗಳಲ್ಲಿ ಮೊದಲು ಒಬ್ಬರೇ ಹೇಳಿಕೊಂಡು ಮುಗಿಸಿ, ಆಮೇಲೆ ಇನ್ನೊಬ್ಬರ ಪಾಳಿ. ಕೊನೆಗೆ ಎರಡೂ ಕಡೆ ಇಬ್ಬರೂ ಹೇಳಿಕೊಂಡಿದ್ದರು. ಆದರೂ ಪಾಳಿ ಪಾಳಿಯಾಗಿ ಮಾತಾಡಿದವರು ಒಬ್ಬರನ್ನೊಬ್ಬರು ಹೆಚ್ಚು ಮೆಚ್ಚಿದರು. ಆದ್ದರಿಂದ "ಇವತ್ತು ನಂದು ಕೇಳ್ರಿ, ನಾಳೆ ನಿಮ್ದು ಕೇಳ್ತೀನಿ" ಎಂಬ ಒಪ್ಪಂದ ಅಷ್ಟು ಫಲ ಕೊಡದು. ಎರಡು ಮೂರು ಮಾತಿಗೊಮ್ಮೆ ನಿಲ್ಲಿಸಿ, ಅವರಿಗೆ ಜಾಗ ಬಿಡಿ.

ಇಂಟರ್‌ನೆಟ್ಟಿನಲ್ಲಿ ಓಡಾಡುವ 36 ಪ್ರಶ್ನೆಗಳ ಪಟ್ಟಿಯನ್ನು ಕಿರಿಯರು ಅನೇಕರು ನೋಡಿರುತ್ತೀರಿ. ಅದು ಆರ್ಥರ್ ಆರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗದ್ದು. 12 ಪ್ರಶ್ನೆಗಳ ಮೂರು ಕಂತು, ಒಟ್ಟು ಮುಕ್ಕಾಲು ಗಂಟೆ. ಹೀಗೆ ಮಾತಾಡಿದ ಅಪರಿಚಿತರು, ಬರೀ ಲೋಕಾಭಿರಾಮ ಮಾತಾಡಿದ ಜೋಡಿಗಳಿಗಿಂತ ಹೆಚ್ಚು ಹತ್ತಿರವಾದರು. ಮುಕ್ಕಾಲು ಗಂಟೆ ಸಾಕು ಎಂದು ಇದರಿಂದ ತಿಳಿಯಬೇಡಿ. ಅಲ್ಲಿ ಪ್ರಶ್ನೆಗಳು ಹಗುರದಿಂದ ಆಳಕ್ಕೆ ಜೋಡಿಸಿದ್ದವು, ಒಂದೇ ಪ್ರಶ್ನೆಗೆ ಇಬ್ಬರೂ ಉತ್ತರಿಸುತ್ತಿದ್ದರು, ಅದಕ್ಕೆ ಇಬ್ಬರೂ ಮೊದಲೇ ಒಪ್ಪಿ ಕೂತಿದ್ದರು. ಮಾನ್ವಿ ಬಸ್ಸಿನಲ್ಲಿ ಆ ಒಪ್ಪಿಗೆ ಇರುವುದಿಲ್ಲ. ಅದನ್ನು ಪ್ರತಿ ಮೆಟ್ಟಿಲಿಗೂ ಕೇಳಿಕೊಳ್ಳಬೇಕು.

ಇನ್ನೊಂದು ಎಚ್ಚರ. ದೊಡ್ಡ ಗುಟ್ಟಿಗೆ ಮೊದಲು, ಹೊರಗೆ ಹೋದರೂ ನಿಮಗೆ ನಷ್ಟವಾಗದ ಒಂದು ಸಣ್ಣ ಮಾತು ಹೇಳಿ ನೋಡಿ. ಹಾಡು ಕಲಿಯುವ ಆಸೆ, ಸ್ಕೂಟಿ ಓಡಿಸಲು ಭಯ, ಇಂಥದ್ದು. ಒಂದು ವಾರದಲ್ಲಿ ಅದನ್ನು ಮುಖ್ಯಗುರುಗಳ ಬಾಯಲ್ಲಿ ಕೇಳಿದರೆ, ಬಂಗಾರದ ಮಾತು ಅಲ್ಲಿ ಎತ್ತುವಂತಿಲ್ಲ.

ಆಗಲೇ ಹೆಚ್ಚು ಹೇಳಿಬಿಟ್ಟಿದ್ದರೆ? ಮಾಯವಾಗಬೇಡಿ. ಉದ್ದುದ್ದ ಕ್ಷಮೆಯನ್ನೂ ಕೇಳಬೇಡಿ, ಅದು ಎದುರಿನವರ ಮೇಲೆ ಇನ್ನೊಂದು ಹೊರೆ. ಒಂದೇ ಮಾತು ಸಾಕು: "ಮೊನ್ನೆ ಒಮ್ಮೆಲೆ ಬಾಳ ಹೇಳಿಬಿಟ್ಟೆ ಅಕ್ಕಾರ, ನೀವೇನೂ ಹೇಳಬೇಕಂತಿಲ್ರಿ." ಇದರಿಂದ ಅವರ ಋಣ ಇಳಿಯುತ್ತದೆ. ಆಮೇಲೆ ಕೆಲವು ವಾರ ಹಗುರ ಮಾತಿಗೆ ಮರಳಿ, ಅವರ ವಿಷಯ ಹೆಚ್ಚು ಕೇಳಿ. ಮಾನ್ವಿ ಸ್ಟ್ಯಾಂಡಿನಲ್ಲಿ ಒಗ್ಗರಣಿ ಮಿರ್ಚಿ ತಿನ್ನುತ್ತ ಆಡುವ ಮಾತಿಗೂ ಬೆಲೆಯಿದೆ.

ಕೇಳುವ ಕಡೆ ಇದ್ದವರಿಗೂ ಒಂದು ಮಾತು. ನಿಮ್ಮ ಗುಟ್ಟು ತೆರೆದು ಸರಿದೂಗಿಸಬೇಕಿಲ್ಲ. "ಇದು ಬಾಳ ಕಷ್ಟದ ಮಾತು, ಹೇಳಿದ್ದು ಛಲೋ ಆತು, ಯಾರ ಮುಂದೂ ಎತ್ತಂಗಿಲ್ಲ" ಎಂದರೆ ಸಾಕು. ಕೂಡಲೇ ಸಲಹೆ ಕೊಡುವುದು, "ನಮ್ಮ ಮನ್ಯಾಗಿಂದು ಕೇಳಿದ್ರ ನಿಮ್ದೇನೂ ಅಲ್ಲ" ಎನ್ನುವುದು, ಇವೆರಡೂ ಹೇಳುವವರ ಬಾಯಿ ಕಟ್ಟುತ್ತವೆ.

ಮೆಟ್ಟಿಲು ಎಣಿಸುವ ಈ ಲೆಕ್ಕ ಸ್ನೇಹಕ್ಕೆ ಮಾತ್ರ. ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ, ಸರದಿ ಕಾಯಬೇಡಿ, ಪರಿಚಯ ಎಷ್ಟು ದಿನದ್ದು ಎಂದೂ ನೋಡಬೇಡಿ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ ಸಹಾಯವಾಣಿ 14416, ಹೆಣ್ಣುಮಕ್ಕಳಿಗೆ ಸಹಾಯವಾಣಿ 181. ಅಲ್ಲಿ ಫೋನ್ ಎತ್ತುವವರು ಕೇಳುವುದಕ್ಕೆಂದೇ ಕೂತವರು, ಅವರಿಗೆ ಮೊದಲ ನಿಮಿಷದಲ್ಲೇ ಎಲ್ಲವನ್ನೂ ಹೇಳಬಹುದು.

ನಮಸ್ಕಾರ.