ಲೈಟ್ ಸಾಯಿಲ್ ಅಂದರೆ ಯಾವ ಮಣ್ಣು?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ದಾವಣಗೆರೆಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವನು. ಕಥೆ, ಕಾದಂಬರಿ ಅಲ್ಲ. ಔಷಧಿ ಡಬ್ಬಿಯ ಮೇಲಿನ ಸೂಚನೆ, ಪಂಪ್‌ಸೆಟ್ಟಿನ ಜೊತೆ ಬರುವ ಪುಸ್ತಕ, ರೈತರಿಗೆ ಹಂಚುವ ಕರಪತ್ರ, ಇಂಥವು. ಪುಟಕ್ಕೆ ಇಷ್ಟು ಅಂತ ಲೆಕ್ಕ. ಇವತ್ತು ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ. ತಪ್ಪಾಗಿದ್ದು ಒಂದು ಪುಟ್ಟ ಪದದಲ್ಲಿ. ಆ ಪದ ಲೈಟ್.

ಕೆಲವು ವರ್ಷಗಳ ಹಿಂದೆ ಶೇಂಗಾ ಬೆಳೆಯ ಬಗ್ಗೆ ಎರಡು ಪುಟದ ಕರಪತ್ರ ಬಂತು. ಸಂಜೆಯೊಳಗೆ ಮುಗಿಸಿಕೊಡಿ ಅಂದರು. ಅದರಲ್ಲಿ ಒಂದು ಸಾಲು ಹೀಗಿತ್ತು: ಲೈಟ್ ಸಾಯಿಲ್ ಇದ್ದರೆ ಲೈಟ್ ಇರಿಗೇಶನ್ ಕೊಡಿ, ಆದರೆ ಮೇಲಿಂದ ಮೇಲೆ ಕೊಡಿ. ನಾನು ಲೈಟ್ ಸಾಯಿಲ್ ಅನ್ನೋದನ್ನ 'ತಿಳಿ ಬಣ್ಣದ ಮಣ್ಣು' ಅಂತ ಬರೆದೆ. ಯಾಕೆ ಅಂದರೆ, ಅದಕ್ಕೆ ಎರಡು ಸಾಲು ಮುಂಚೆ ಶೇಂಗಾ ಕಾಳಿನ ಸಿಪ್ಪೆ 'ಲೈಟ್ ಪಿಂಕ್' ಅಂತ ಇತ್ತು. ಅದಕ್ಕೆ ತಿಳಿ ಗುಲಾಬಿ ಅಂತ ಸರಿಯಾಗಿಯೇ ಬರೆದಿದ್ದೆ. ಅದೇ ಗುಂಗಿನಲ್ಲಿ ಕೈ ಓಡಿತು. ಓದಿದರೆ ಕನ್ನಡದಲ್ಲಿ ಯಾವ ತೊಡಕೂ ಇರಲಿಲ್ಲ. ಸಾಲು ಚೆನ್ನಾಗಿಯೇ ಇತ್ತು.

ಕರಪತ್ರ ಹಂಚಿದ ಮೇಲೆ ಚಳ್ಳಕೆರೆ ಕಡೆಯ ರೈತರೊಬ್ಬರು ಸಿಕ್ಕರು. ವಯಸ್ಸಾದವರು. ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಲ್ಲಿ ಇಟ್ಟುಕೊಂಡಿದ್ದರು. ತೆಗೆದು ತೋರಿಸಿ, "ಇದು ನಮಗಲ್ಲ ಬಿಡಿ ಸಾರ್. ನಮ್ದು ಕೆಂಪು ಮಸಾರಿ. ಇದು ತಿಳಿ ಬಣ್ಣದ ಮಣ್ಣಿಗಂತೆ" ಅಂದರು.

ನನಗೆ ಆಗ ಹೊಳೆಯಿತು. ಲೈಟ್ ಸಾಯಿಲ್ ಅಂದರೆ ಅವರ ಆ ಕೆಂಪು ಮಸಾರಿಯೇ. ಮರಳು ಜಾಸ್ತಿ, ಜಿಗಟು ಕಮ್ಮಿ, ನೀರು ಬೇಗ ಇಂಗಿ ಹೋಗುವ ಮಣ್ಣು. ಅದಕ್ಕೇ ಒಂದೇ ಸಲ ಜಾಸ್ತಿ ನೀರು ಕಟ್ಟಿ ಪ್ರಯೋಜನವಿಲ್ಲ, ಸ್ವಲ್ಪ ಸ್ವಲ್ಪ ಮೇಲಿಂದ ಮೇಲೆ ಕೊಡಿ ಅಂತ ಆ ಸಾಲು ಹೇಳುತ್ತಿತ್ತು. ಯಾರಿಗೆ ಅಂತ ಬರೆದಿದ್ದರೋ ಅವರೇ 'ಇದು ನಮಗಲ್ಲ' ಅಂತ ಮಡಚಿಟ್ಟುಕೊಳ್ಳುವ ಹಾಗೆ ನಾನು ಮಾಡಿದ್ದೆ.

ಮನೆಗೆ ಬಂದು ಇಂಗ್ಲಿಷ್ ಪ್ರತಿ ಮತ್ತೆ ತೆಗೆದೆ. ಉತ್ತರ ಅಲ್ಲೇ ಇತ್ತು, ಮುಂದಿನ ಪ್ಯಾರಾದಲ್ಲಿ. 'ಹೆವಿ ಸಾಯಿಲ್‌ಗಳಲ್ಲಿ ಕೀಳುವಾಗ ಕಾಯಿ ಮಣ್ಣಲ್ಲೇ ಉಳಿಯುತ್ತದೆ' ಅಂತ. ಹೆವಿ ಅಂದಮೇಲೆ ಅದು ಎರೆ ಮಣ್ಣು. ಎರೆ ಒಣಗಿ ಗಟ್ಟಿಯಾದಾಗ ಗಿಡ ಕಿತ್ತರೆ ಕಾಯಿ ಒಳಗೇ ಹರಿದು ಉಳಿಯುತ್ತದೆ ಅನ್ನೋದು ಶೇಂಗಾ ಬೆಳೆದವರಿಗೆಲ್ಲ ಗೊತ್ತು. ಬರೆದವರು ಬಣ್ಣದ ಮಾತು ಆಡಿದ್ದರೆ ಎದುರಿಗೆ 'ಡಾರ್ಕ್' ಅಂತ ಬರಬೇಕಿತ್ತು. ಬಂದಿದ್ದು ಹೆವಿ. ಅಂದರೆ ಇದು ಹಗುರ–ಭಾರದ ಜೋಡಿ, ತಿಳಿ–ಗಾಢದ ಜೋಡಿ ಅಲ್ಲ. ನಾನು ಒಂದು ಪ್ಯಾರಾ ಮುಂದಕ್ಕೆ ಓದಿ ಆಮೇಲೆ ಬರೆದಿದ್ದರೆ ಸಾಕಿತ್ತು.

ಇಲ್ಲಿ ಒಂದು ತಮಾಷೆ ಇದೆ. ಒಂದು ಬುಟ್ಟಿ ಒಣ ಮರಳು ಮಣ್ಣನ್ನೂ ಅಷ್ಟೇ ಒಣ ಎರೆಯನ್ನೂ ತೂಕಕ್ಕೆ ಇಟ್ಟರೆ ಸಾಮಾನ್ಯವಾಗಿ ಮರಳು ಮಣ್ಣೇ ಜಾಸ್ತಿ ತೂಗುತ್ತದೆ. ಹಾಗಾದರೆ ಅದು ಹಗುರ ಯಾರಿಗೆ? ನೇಗಿಲು ಎಳೆಯುವ ಎತ್ತಿಗೆ. ಹಸಿ ಎರೆಯಲ್ಲಿ ಗುಳ ಹಿಡಿದುಕೊಳ್ಳುತ್ತದೆ, ಎತ್ತು ಏದುತ್ತದೆ. ಮಸಾರಿಯಲ್ಲಿ ಸಲೀಸಾಗಿ ಹೋಗುತ್ತದೆ. ಇಂಗ್ಲಿಷಿನ ಆ ಪದ ಹುಟ್ಟಿದ್ದು ಉಳುವವನ ಬಾಯಲ್ಲಿ, ತಕ್ಕಡಿ ಹಿಡಿದವನ ಬಾಯಲ್ಲಲ್ಲ. ಎರಡನೇ ಮುದ್ರಣಕ್ಕೆ ನಾನು 'ಮಸಾರಿಯಂಥ ಹಗುರ ಮಣ್ಣು' ಅಂತ ಬರೆದೆ. ಸುಮ್ನೆ 'ಹಗುರ ಮಣ್ಣು' ಅಂತ ಬಿಟ್ಟಿದ್ದರೂ ತಪ್ಪಾಗುತ್ತಿರಲಿಲ್ಲ. ಆದರೆ ಮಸಾರಿ ಅಂದ ತಕ್ಷಣ ರೈತರ ಕಣ್ಣ ಮುಂದೆ ಅವರ ಹೊಲವೇ ಬರುತ್ತದೆ, ಅಲ್ವಾ?

ಅವತ್ತಿನಿಂದ ಲೈಟ್ ಕಂಡರೆ ನಾನು ಮೊದಲು ಕೇಳಿಕೊಳ್ಳುವುದು, ಇಲ್ಲಿ ಇದರ ಎದುರು ಪದ ಯಾವುದು ಅಂತ. ಮೂಟೆ ಲೈಟ್ ಅಂದರೆ ಎದುರು ಭಾರ, ಆಗ ಹಗುರ. ನೀಲಿ ಲೈಟ್ ಅಂದರೆ ಎದುರು ಗಾಢ, ಆಗ ತಿಳಿ. ನಿದ್ದೆ ಲೈಟ್ ಅಂದರೆ ಎದುರು ಗಾಢ ನಿದ್ದೆ. ಆದರೆ ಇಲ್ಲಿ 'ತಿಳಿ ನಿದ್ದೆ' ಅನ್ನೋಕೆ ಆಗಲ್ಲ. ಅದು ಕೋಳಿ ನಿದ್ದೆ, ಇಲ್ಲವೇ 'ಸಣ್ಣ ಸದ್ದಾದರೂ ಎಚ್ಚರವಾಗುವ ನಿದ್ದೆ'. ಅಂದರೆ ಎದುರು ಪದ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಉಳಿದ ಅರ್ಧ, ಆ ಅರ್ಥಕ್ಕೆ ಕನ್ನಡದಲ್ಲಿ ಯಾವ ಪದ ಯಾವುದರ ಜೊತೆ ಕೂರುತ್ತದೆ ಅನ್ನೋದು. ಊಟ ಲೈಟ್ ಆಗಿದ್ದರೆ ಮನೆಯಲ್ಲಿ ಹಗುರ ಊಟ, ಮದುವೆ ಕರೆಯೋಲೆಯಲ್ಲಿ ಲಘು ಉಪಾಹಾರ. ಎರಡನ್ನೂ ಅದಲುಬದಲು ಮಾಡಿ ನೋಡಿ, ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ನಿಘಂಟು ನೋಡಬಾರದಾ ಅಂತ ನೀವು ಕೇಳಬಹುದು. ನೋಡಬೇಕು. ಆದರೆ ಅನೇಕರು ಮೊದಲನೇ ಅರ್ಥ ತೆಗೆದುಕೊಂಡು ಪುಟ ಮುಚ್ಚುತ್ತಾರೆ. ಎಲ್ಲ ನಿಘಂಟಿನಲ್ಲೂ ಮೊದಲನೇ ಅರ್ಥವೇ ಜಾಸ್ತಿ ಬಳಕೆಯದು ಅಂತ ತಿಳಿಯಬೇಡಿ. ಕೆಲವು ನಿಘಂಟುಗಳು ಹಳೆಯ ಅರ್ಥವನ್ನು ಮೊದಲು ಕೊಡುತ್ತವೆ, ಕೆಲವು ಬಳಕೆಯ ಅರ್ಥವನ್ನು. ಇನ್ನೊಂದು ವಿಷಯ. ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ಲೈಟ್ ಒಂದೇ ಕಡೆ ಇರುವುದಿಲ್ಲ. ಪದದ ತಲೆಯ ಹತ್ತಿರ ಸಣ್ಣದಾಗಿ 1, 2 ಅಂತ ಅಂಕಿ ಹಾಕಿ ಬೇರೆ ಬೇರೆ ಪದವಾಗಿ ಕೊಟ್ಟಿರುತ್ತಾರೆ. ಯಾಕೆ ಅಂದರೆ ಅವು ನಿಜಕ್ಕೂ ಬೇರೆ ಬೇರೆ ಪದಗಳು. ಬೆಳಕಿನ ಲೈಟ್ ಸಂಸ್ಕೃತದ 'ರುಚಿ'ಗೆ ನೆಂಟ. ನಮಗೆ ರುಚಿ ಅಂದರೆ ನಾಲಗೆಯದ್ದು, ಆದರೆ ಸಂಸ್ಕೃತದಲ್ಲಿ ಅದಕ್ಕೆ ಹೊಳಪು ಅನ್ನುವ ಅರ್ಥವೂ ಇದೆ. ಹಗುರದ ಲೈಟ್ 'ಲಘು'ವಿಗೆ ನೆಂಟ. ಎರಡು ಬೇರೆ ಮನೆತನದವು ಸಾವಿರಾರು ವರ್ಷ ಸವೆದು ಸವೆದು ಇಂಗ್ಲಿಷಿನಲ್ಲಿ ಒಂದೇ ಮುಖ ಪಡೆದಿವೆ. ಹಾಗಾಗಿ ಮೊದಲು ಯಾವ ಮನೆ ಅಂತ ನೋಡಿ, ಆಮೇಲೆ ಆ ಮನೆಯ ಯಾವ ಮಗ ಅಂತ ಹುಡುಕಬೇಕು.

ಬೆಳಕಿನ ಮನೆಯಲ್ಲೂ ಒಂದು ಗುಂಡಿ ಇದೆ. ಇಂಗ್ಲಿಷಿಗೆ ದೀಪವೂ ಲೈಟೇ, ಅದರಿಂದ ಬರುವ ಬೆಳಕೂ ಲೈಟೇ. ನಮಗೆ ಎರಡೂ ಬೇರೆ. ದೀಪ ಆರಿಸಿ ಅನ್ನುತ್ತೇವೆ, ಬೆಳಕು ಆರಿಸಿ ಅನ್ನುವುದಿಲ್ಲ. ಬೀಜವನ್ನು ಲೈಟ್ ಬೀಳದ ಕಡೆ ಇಡಿ ಅಂದರೆ ಅಲ್ಲಿ ಬೆಳಕು ಅಂತಲೇ ಬರೆಯಬೇಕು, ದೀಪ ಅಂತ ಬರೆದರೆ ಬಿಸಿಲಲ್ಲಿ ಇಟ್ಟುಬಿಡುತ್ತಾರೆ.

ಮಳೆಯ ವಿಷಯಕ್ಕೆ ಬಂದರೆ ಕಥೆ ಬೇರೆ. ಅದೇ ಕರಪತ್ರದಲ್ಲಿ 'ಲೈಟ್ ರೇನ್' ಅಂತ ಇತ್ತು. ಚೆನ್ನಾಗಿರಲಿ ಅಂತ 'ತುಂತುರು ಮಳೆ' ಅಂತ ಬರೆಯೋಕೆ ಹೋಗಿದ್ದೆ. ಆಮೇಲೆ ನೋಡಿದರೆ ಆ ಮಾತನ್ನು ಹವಾಮಾನ ಮುನ್ಸೂಚನೆಯಿಂದ ಎತ್ತಿಕೊಂಡಿದ್ದರು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಲೈಟ್ ರೇನ್ ಅಂದರೆ 24 ಗಂಟೆಯಲ್ಲಿ 2.5ರಿಂದ 15.5 ಮಿಲಿಮೀಟರ್ ಮಳೆ. 15 ಮಿಲಿಮೀಟರ್ ಬಿದ್ದರೆ ಚಿತ್ರದುರ್ಗದ ಯಾವ ರೈತರು ತುಂತುರು ಅಂತಾರೆ? ಇಲ್ಲಿ ಎದುರು ಪದ, ಕಿವಿ ಯಾವುದೂ ನಡೆಯುವುದಿಲ್ಲ. ಅಳತೆ ಕಟ್ಟಿದ ಪದಕ್ಕೆ ನೀವು ರೇಡಿಯೋದಲ್ಲಿ ದಿನವೂ ಕೇಳುವ 'ಹಗುರ ಮಳೆ'ಯೇ ಸರಿ. ಅಲ್ಲಿ ನಮ್ಮ ಜಾಣತನ ಬೇಡ.

ಇನ್ನು ಬ್ಯಾಂಕ್. ಇದಕ್ಕೆ ಎದುರು ಪದವೇ ಇಲ್ಲ, ಹಾಗಾಗಿ ನನ್ನ ಆ ಉಪಾಯ ಇಲ್ಲಿ ಕೆಲಸಕ್ಕೆ ಬರಲ್ಲ. ದುಡ್ಡಿನ ಬ್ಯಾಂಕಿಗೆ ಅದೇ ಹೆಸರು ಇರಲಿ, ಯಾರಿಗೂ ಗೊಂದಲವಿಲ್ಲ. ತೊಂದರೆ ಇರುವುದು ನೀರಿನ ಪಕ್ಕದ ಬ್ಯಾಂಕಿನಲ್ಲಿ. ಹೊಳೆಗಾದರೆ ದಡ, ದಂಡೆ. ಭದ್ರಾ ನೀರು ನಮ್ಮ ದಾವಣಗೆರೆಗೆ ಬರುವುದು ಬಲದಂಡೆ ನಾಲೆಯಲ್ಲಿ. ಎಡ, ಬಲ ಯಾವ ಕಡೆ ನಿಂತು ನೋಡಿದಾಗ ಅಂತ ಕೆಲವರಿಗೆ ಅನುಮಾನ. ನೀರು ಹರಿದು ಹೋಗುವ ಕಡೆಗೆ ಮುಖ ಮಾಡಿ ನಿಂತರೆ ನಿಮ್ಮ ಬಲಗೈ ಕಡೆ ಇರುವುದು ಬಲದಂಡೆ. ಅನುವಾದ ಮಾಡುವಾಗ ಜೊತೆಗಿರುವ ನಕ್ಷೆ ಹೊಂದುತ್ತದಾ ಅಂತ ನಾನು ಹೀಗೇ ನೋಡಿಕೊಳ್ಳುವುದು.

ಕೆರೆಗೆ ಬಂದಾಗ ಮಾತ್ರ ಒಂದೇ ಪದ ಎರಡಾಗಿ ಒಡೆಯುತ್ತದೆ. ಕೆರೆಯ ಮೂರು ಕಡೆ ನೆಲವೇ ಇಳಿಜಾರಾಗಿ ನೀರಿಗೆ ಸೇರುತ್ತದಲ್ಲ, ಅದು ದಡ. ನೀರು ತಡೆಯೋಕೆ ಮಣ್ಣು ಏರಿಸಿ ಕಟ್ಟಿದ್ದು ಏರಿ. ನಮ್ಮ ಕಡೆಯ ಇಂಗ್ಲಿಷಿನಲ್ಲಿ ಏರಿಗೆ ಬಂಡ್ ಅಂತ ಬರೆಯುತ್ತಾರೆ, ಹಾಗಾಗಿ ಸಾಮಾನ್ಯವಾಗಿ ತೊಂದರೆ ಇರಲ್ಲ. ಆದರೆ ಈಚೆಗೆ ಬಂದ ಒಂದು ಕೆರೆ ನಿರ್ವಹಣೆ ಸೂಚನೆಯನ್ನು ಬರೆದವರು ಹೊರಗಿನವರು ಇರಬೇಕು. 'ಬ್ಯಾಂಕಿನ ಮೇಲೆ ಬೆಳೆದ ಮರಗಳನ್ನು ತೆಗೆಸಿ' ಅಂತ ಇತ್ತು. ಅಷ್ಟೇ. ಮುಂದೆ ಹಿಂದೆ ಏನೂ ಇಲ್ಲ.

ಎರಡು ಕನ್ನಡ ಸಾಲು ಬರೆದುಕೊಂಡು ನೋಡಿದೆ. 'ಕೆರೆ ದಡದ ಮರ ತೆಗೆಸಿ' ಅಂತ ಬರೆದರೆ ಊರವರು ನೆರಳಿಗಿರುವ ಹೊಂಗೆ, ಹುಣಸೆಗೆಲ್ಲ ಕೊಡಲಿ ಹಾಕುತ್ತಾರೆ. ಅವು ಅಲ್ಲಿ ಯಾರಿಗೂ ತೊಂದರೆ ಕೊಡುತ್ತಿಲ್ಲ. 'ಏರಿ ಮೇಲಿನ ಮರ ತೆಗೆಸಿ' ಅಂದರೆ ಅದಕ್ಕೆ ಕಾರಣ ಇದೆ. ಮರದ ಬೇರು ಏರಿಯೊಳಗೆ ಇಳಿಯುತ್ತದೆ, ಮರ ಸತ್ತ ಮೇಲೆ ಬೇರು ಕೊಳೆತು ಅಲ್ಲಿ ಕೊಳವೆಯ ಹಾಗೆ ತೂತು ಉಳಿಯುತ್ತದೆ, ಅದರಲ್ಲಿ ನೀರು ಜಿನುಗುತ್ತದೆ. ಅರ್ಥ ಏರಿಯೇ ಇರಬೇಕು ಅನ್ನಿಸಿತು. ಆದರೂ ಕೊಡಲಿಯ ವಿಷಯ ನೋಡಿ, ಊಹೆ ಮೇಲೆ ಬರೆಯೋಕೆ ಧೈರ್ಯ ಬರಲಿಲ್ಲ. ಕೆಲಸ ಕೊಟ್ಟವರಿಗೆ ಫೋನ್ ಮಾಡಿದೆ.

"ಸಾರ್, ಆ ಮರ ಇರೋದು ನೀರಿನ ಪಕ್ಕದ ನೆಲದಲ್ಲಾ, ಏರಿ ಮೇಲಾ?"

ಅವರಿಗೆ ಗೊತ್ತಿರಲಿಲ್ಲ. ಎಂಜಿನಿಯರನ್ನು ಕೇಳಿ ಅರ್ಧ ಗಂಟೆ ಬಿಟ್ಟು ಫೋನ್ ಮಾಡಿದರು. "ಏರಿ ಮೇಲಂತೆ ಸಾರ್, ದಡದಲ್ಲಿರೋದನ್ನ ಮುಟ್ಟಬಾರದಂತೆ. ಅದನ್ನೂ ಒಂದು ಸಾಲು ಸೇರಿಸಿ ಅಂದರು."

ಸೇರಿಸಿದೆ. ಇಂಗ್ಲಿಷಿನಲ್ಲಿ ಒಂದು ಸಾಲಿದ್ದದ್ದು ಕನ್ನಡದಲ್ಲಿ ಎರಡಾಯಿತು. ನಮಸ್ಕಾರ.