ಮೊದಲು ನಕಲು, ಆಮೇಲೆ ಕತ್ತರಿ

ನಮಸ್ಕಾರ. ಡಿಸೈನ್ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ, ಈಗಷ್ಟೇ ಫೋಟೋಶಾಪ್ ತೆರೆದು ಕೂತವರಿಗೆ ಈ ಹತ್ತು ನಿಮಿಷ ಮೀಸಲು. ನಾನು ಹೇಳಬೇಕಾದದ್ದು ಒಂದೇ ಮಾತು. ಯಾವ ಫೈಲ್ ಕೈಗೆ ಬಂದರೂ, ತಿದ್ದುವ ಮುಂಚೆ ಅದರದೊಂದು ನಕಲು ಮಾಡಿ. ಮೂಲವನ್ನು ಎತ್ತಿಟ್ಟು ನಕಲಿನ ಮೇಲೆ ಕೆಲಸ ಮಾಡಿ. ಮೊದಲು ನಕಲು, ಆಮೇಲೆ ಕತ್ತರಿ.

ಇದನ್ನು ಹೇಳಿದ ತಕ್ಷಣ ತರಗತಿಯ ಹಿಂದಿನ ಸಾಲಿನಿಂದ ಒಂದು ದನಿ ಬರುತ್ತದೆ: “ಸರ್, ಕಂಟ್ರೋಲ್ ಜೆಡ್ ಇದೆಯಲ್ಲಾ?” ಇದೆಯಪ್ಪಾ, ಯಾರು ಇಲ್ಲ ಅಂದರು? ಆದರೆ ಅದು ಫೈಲ್ ತೆರೆದಿರುವಷ್ಟು ಹೊತ್ತು ಮಾತ್ರ. ಸೇವ್ ಮಾಡಿ ಮುಚ್ಚಿ, ಮತ್ತೆ ತೆರೆಯಿರಿ. ಹಿಸ್ಟರಿ ಪಟ್ಟಿಯಲ್ಲಿ ‘ಓಪನ್’ ಅನ್ನುವ ಒಂದೇ ಸಾಲು ಇರುತ್ತದೆ. ನಿನ್ನೆ ನೀವು ಮಾಡಿದ ಯಾವುದೂ ಅದಕ್ಕೆ ನೆನಪಿಲ್ಲ. ನಮಗೆ ತೊಂದರೆ ಬರುವುದೋ, ಯಾವಾಗಲೂ ನಾಳೆಯೇ.

ಒಂದು ಉದಾಹರಣೆ ಹಿಡಿದು ನೋಡೋಣ. ಕಾಲೇಜಿನ ನಾಟಕಕ್ಕೆ ಪ್ರಚಾರ ಆಗಬೇಕು. ಒಬ್ಬ ವಿದ್ಯಾರ್ಥಿನಿಗೆ ಒಂದು ಫೋಟೋ ಕೊಟ್ಟಿದ್ದಾರೆ. ನಡುವೆ ಬಿಳಿ ನಿಲುವಂಗಿಯ ನಟ, ಎಡಬಲಕ್ಕೆ ಇಬ್ಬರು ಸಹನಟರು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಜೆಪೆಗ್ ಫೈಲ್. ಅಂದರೆ ಅಗಲಕ್ಕೆ 6000 ಚುಕ್ಕೆ, ಎತ್ತರಕ್ಕೆ 4000 ಚುಕ್ಕೆ. ಮೊಬೈಲಿನಲ್ಲಿ ಹಂಚಲು ಚೌಕಾಕಾರದ ಚಿತ್ರ ಬೇಕು ಅಂದರು. ಅವಳು ಮೂಲ ಫೈಲನ್ನೇ ತೆರೆದಳು. ಫೋಟೋ ಸ್ವಲ್ಪ ಮಂಕಾಗಿದೆ ಅನ್ನಿಸಿ ಬೆಳಕು ಏರಿಸಿದಳು. ಎರಡೂ ಪಕ್ಕ ಕತ್ತರಿಸಿ ಚೌಕ ಮಾಡಿದಳು. 1080 ಚುಕ್ಕೆಗೆ ಕುಗ್ಗಿಸಿದಳು. ಕಂಟ್ರೋಲ್ ಎಸ್ ಒತ್ತಿದಳು. ಹತ್ತು ನಿಮಿಷದ ಕೆಲಸ, ಚೆನ್ನಾಗಿಯೇ ಬಂತು, ಎಲ್ಲರೂ ಮೆಚ್ಚಿದರು. ನಾಲ್ಕು ದಿನ ಬಿಟ್ಟು ಫೋನ್ ಬಂತು: “ಅದೇ ಫೋಟೋ ಹಾಕಿ ಎ3 ಅಳತೆಯ ಅಡ್ಡ ಪೋಸ್ಟರ್ ಮಾಡಿಕೊಡಮ್ಮ. ಮೂರೂ ಜನ ಕಾಣಬೇಕು.”

ಈಗ ಆ ಫೈಲಿನಲ್ಲಿ ಏನು ಉಳಿದಿದೆ, ಏನು ಹೋಗಿದೆ ಅಂತ ಒಂದೊಂದಾಗಿ ಲೆಕ್ಕ ಹಾಕೋಣ.

ಮೊದಲು ಬೆಳಕು. ಜೆಪೆಗ್ ಫೈಲಿನಲ್ಲಿ ಪ್ರತಿ ಚುಕ್ಕೆಯ ಪ್ರತಿ ಬಣ್ಣಕ್ಕೂ ಒಂದು ಸಂಖ್ಯೆ. ಸೊನ್ನೆ ಅಂದರೆ ಪೂರ್ತಿ ಕತ್ತಲೆ, 255 ಅಂದರೆ ಪೂರ್ತಿ ಬೆಳಕು. 255ರ ಮೇಲೆ ಜಾಗವೇ ಇಲ್ಲ. ಈ ನಿಲುವಂಗಿಯಲ್ಲಿ ಬೆಳಕು ಬಿದ್ದ ಕಡೆ 240 ಇದೆ, ಮಡಿಕೆಯ ನೆರಳಲ್ಲಿ 220 ಇದೆ ಅನ್ನಿ. ಇವೆರಡರ ನಡುವಿನ ಆ 20 ಇದೆಯಲ್ಲ, ನಮ್ಮ ಕಣ್ಣಿಗೆ ಬಟ್ಟೆಯ ಮಡಿಕೆಯಾಗಿ ಕಾಣುವುದು ಅದೇ. ಲೆಕ್ಕ ಸುಲಭವಾಗಲಿ, ಅವಳು ಎಲ್ಲಕ್ಕೂ 40 ಕೂಡಿಸಿದಳು. 240 ಹೋಗಿ 280 ಆಗಬೇಕಿತ್ತು, 255ಕ್ಕೆ ನಿಂತಿತು. 220 ಹೋಗಿ 260 ಆಗಬೇಕಿತ್ತು, ಅದೂ 255ಕ್ಕೇ ನಿಂತಿತು. ಈಗ ಹಿಂದಕ್ಕೆ 40 ಕಳೆಯಿರಿ. ಎರಡೂ 215. ವ್ಯತ್ಯಾಸ ಸೊನ್ನೆ. ಮಡಿಕೆ ಎಲ್ಲಿ? ಮಡಿಕೆ ಇಲ್ಲ. ಕೂಡಿದ್ದನ್ನು ಕಳೆದರೂ ಮೊದಲಿನದು ಬರಲಿಲ್ಲ, ನೋಡಿದಿರಾ? ಬಿಳಿ ನಿಲುವಂಗಿ ಈಗ ಬೂದು ಬಣ್ಣದ ರಟ್ಟು. ನಿಮ್ಮ ಚಿತ್ರಕ್ಕೂ ಹೀಗಾಗಿದೆಯೇ ಅಂತ ತಿಳಿಯಬೇಕಾದರೆ, ಯಾವ ಬೆಳಕಿನ ಚುಕ್ಕೆ ಎಷ್ಟಿವೆ ಅಂತ ತೋರಿಸುವ ಹಿಸ್ಟೋಗ್ರಾಮ್ ತೆರೆಯಿರಿ. ಬಲತುದಿಯಲ್ಲಿ ಗೋಡೆ ಎದ್ದ ಹಾಗೆ ಒಂದು ನೆಟ್ಟನೆಯ ಗೆರೆ ನಿಂತಿದ್ದರೆ, ಅಲ್ಲಿ ಬಿಳುಪು ಒಂದರ ಮೇಲೊಂದು ಬಿದ್ದು ಸತ್ತಿದೆ ಅಂತ ಅರ್ಥ.

ಎರಡನೆಯದು ಕತ್ತರಿ. 6000 ಅಗಲದಲ್ಲಿ 4000 ಉಳಿಸಿಕೊಂಡು, ಎಡಕ್ಕೆ 1000, ಬಲಕ್ಕೆ 1000 ಕತ್ತರಿಸಿದಳು. ಸಹನಟರು ನಿಂತಿದ್ದದ್ದು ಅಲ್ಲೇ. ಇದಕ್ಕೆ ಹೆಚ್ಚು ವಿವರಣೆ ಬೇಡ. ಹೋದವರು ಹೋದರು.

ಮೂರನೆಯದು ಕುಗ್ಗಿಸಿದ್ದು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅತಿ ಹೆಚ್ಚು ವಿದ್ಯಾರ್ಥಿಗಳು ಎಡವುವುದು ಇಲ್ಲೇ. 4000ಕ್ಕೆ 4000ದ ಚೌಕದಲ್ಲಿ 1 ಕೋಟಿ 60 ಲಕ್ಷ ಚುಕ್ಕೆ. 1080ಕ್ಕೆ 1080ರ ಚೌಕದಲ್ಲಿ ಸುಮಾರು 11 ಲಕ್ಷ 66 ಸಾವಿರ. ಹೆಚ್ಚುಕಡಿಮೆ 14 ಚುಕ್ಕೆಗಳನ್ನು ಕಲಸಿ ಒಂದು ಚುಕ್ಕೆ ಮಾಡಿದಂತಾಯಿತು. ಆ ಒಂದನ್ನು ನೋಡಿ ಮೊದಲಿನ 14 ಹೇಗಿದ್ದವು ಅಂತ ಯಾರೂ ಹೇಳಲಾರರು. ಇಮೇಜ್ ಸೈಜ್‌ನಲ್ಲಿ ಮತ್ತೆ 4000 ಅಂತ ಟೈಪ್ ಮಾಡಿದರೆ ಫೈಲ್ ದೊಡ್ಡದಾಗುತ್ತದೆ ನಿಜ. ಆದರೆ ಆ ಹೊಸ ಚುಕ್ಕೆಗಳೆಲ್ಲ ಅಕ್ಕಪಕ್ಕದವನ್ನು ನೋಡಿ ಊಹಿಸಿ ತುಂಬಿದವು. ರೆಪ್ಪೆಗೂದಲು ಇದ್ದ ಕಡೆ ಮಸಿ ಬಳಿದ ಹಾಗೆ ಕಾಣುತ್ತದೆ.

ಮುದ್ರಣಕ್ಕೆ ಬಂದಾಗ ಇದು ಬಯಲಾಗುತ್ತದೆ. ಕೈಯಲ್ಲಿ ಹಿಡಿದು ನೋಡುವ ಕಾಗದಕ್ಕೆ ಅಂಗುಲಕ್ಕೆ 300 ಚುಕ್ಕೆ ಬೇಕು ಅಂತಿಟ್ಟುಕೊಳ್ಳಿ. ಎ3 ಹಾಳೆಯ ಉದ್ದ ಹದಿನಾರೂವರೆ ಅಂಗುಲ. ಮೂಲ ಫೋಟೋದ 6000 ಚುಕ್ಕೆಗಳನ್ನು ಅಲ್ಲಿ ಹರಡಿದರೆ ಅಂಗುಲಕ್ಕೆ 363 ಸಿಗುತ್ತಿತ್ತು. ಅಂಚು ಕತ್ತರಿಸಲು ಸುತ್ತ 3 ಮಿಲಿಮೀಟರ್ ಬಿಟ್ಟರೂ ಮಿಗುತ್ತಿತ್ತು. ಈಗ ಇರುವ 1080ನ್ನು ಹರಡಿದರೆ 65. ಮೊಬೈಲಿನ ಪುಟ್ಟ ಪರದೆಯಲ್ಲಿ ಅಷ್ಟು ಚೆಂದ ಕಂಡ ಚಿತ್ರ ಹಾಳೆಯ ಮೇಲೆ ಮಸುಕು ಮಸುಕು.

ನಾಲ್ಕನೆಯದು ಸೇವ್ ಮಾಡಿದ್ದು. ಜೆಪೆಗ್ ಅನ್ನುವುದು ಚಿತ್ರವನ್ನು 8ಕ್ಕೆ 8 ಚುಕ್ಕೆಯ ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕದೊಳಗಿನ ಸೂಕ್ಷ್ಮ ವ್ಯತ್ಯಾಸಗಳನ್ನು ಬಿಸಾಕಿ ಫೈಲನ್ನು ಚಿಕ್ಕದು ಮಾಡುತ್ತದೆ. ತೆರೆದು ನೋಡಿದರೆ ಏನೂ ಆಗದು, ನಕಲು ಮಾಡಿದರೂ ಏನೂ ಆಗದು. ತಿದ್ದಿ ಮತ್ತೆ ಜೆಪೆಗ್ ಆಗಿ ಸೇವ್ ಮಾಡಿದಾಗಲೇ ಇನ್ನಷ್ಟು ಬಿಸಾಕುತ್ತದೆ. ಕತ್ತರಿಸಿದ್ದರೆ ಚೌಕಗಳ ಗೆರೆಗಳೂ ಸಾಮಾನ್ಯವಾಗಿ ಜರುಗಿರುತ್ತವೆ, ಹಳೆಯ ಗಾಯದ ಪಕ್ಕ ಹೊಸ ಗಾಯ. ನಟನ ತಲೆಕೂದಲು ಹಿನ್ನೆಲೆಗೆ ತಾಗುವ ಅಂಚನ್ನು ನೂರು ಪ್ರತಿಶತ ಹಿಗ್ಗಿಸಿ ನೋಡಿ, ಸುತ್ತ ಸೊಳ್ಳೆ ಮುತ್ತಿದ ಹಾಗೆ ಚುಕ್ಕೆಗಳು ಕಾಣುತ್ತವೆ.

ಇನ್ನು ಅದೇ ಕೆಲಸವನ್ನು ಹೇಗೆ ಮಾಡಬೇಕಿತ್ತು? ಕೆಲಸಕ್ಕೊಂದು ಫೋಲ್ಡರ್, ಅದರೊಳಗೆ ಮೂರು ಫೋಲ್ಡರ್. ‘ಮೂಲ’, ‘ಕೆಲಸ’, ‘ಕಳಿಸಿದ್ದು’. ಕ್ಯಾಮೆರಾ ಕಾರ್ಡಿನಿಂದ ಫೈಲುಗಳನ್ನು ಕಾಪಿ ಮಾಡಿ ‘ಮೂಲ’ಕ್ಕೆ ಹಾಕಿ. ಕಟ್ ಅಲ್ಲ, ಕಾಪಿ. ಎಷ್ಟು ಫೈಲ್ ಇದ್ದವು, ಎಷ್ಟು ಬಂದವು ಅಂತ ಎಣಿಸಿ. ಕ್ಯಾಮೆರಾ ಕೊಟ್ಟ ನಂಬರಿನ ಹೆಸರನ್ನು ಬದಲಿಸಬೇಡಿ. ನಕಲಿನ ಹೆಸರಲ್ಲೂ ಆ ನಂಬರ್ ಉಳಿಸಿಕೊಳ್ಳಿ, ಆರು ತಿಂಗಳ ಮೇಲೆ ಯಾವುದರ ನಕಲು ಯಾವುದು ಅಂತ ಹುಡುಕಲು ಅದೊಂದೇ ದಾರಿ. ಆಮೇಲೆ ‘ಮೂಲ’ದೊಳಗಿನ ಫೈಲುಗಳಿಗೆ ಬೀಗ ಹಾಕಿ. ವಿಂಡೋಸ್‌ನಲ್ಲಿ ಎಲ್ಲವನ್ನೂ ಆರಿಸಿ, ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ರೀಡ್ ಓನ್ಲಿ’ ಗುರುತು ಹಾಕಿ. ಮ್ಯಾಕ್‌ನಲ್ಲಿ ‘ಗೆಟ್ ಇನ್ಫೋ’ದಲ್ಲಿ ‘ಲಾಕ್ಡ್’. ಇನ್ನು ಮೈಮರೆತು ಕಂಟ್ರೋಲ್ ಎಸ್ ಒತ್ತಿದರೂ ಅದು ತಡೆಯುತ್ತದೆ. ಅಳಿಸುವುದನ್ನೂ ಈ ಬೀಗ ತಡೆಯುತ್ತದೆ ಅಂತ ಮಾತ್ರ ನಂಬಬೇಡಿ, ಅದಕ್ಕೆ ಬೇರೆ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರಲಿ. ಒಂದು ಫೋಟೋ ಹತ್ತು ಎಂಬಿ ಅಂದರೂ ಐವತ್ತು ಫೋಟೋಗೆ ಐನೂರು ಎಂಬಿ. ಜಾಗ ಇಲ್ಲ ಸರ್ ಅನ್ನಬೇಡಿ, ಒಂದು ಸಿನಿಮಾ ತೆಗೆದರೆ ಜಾಗ ಆಗುತ್ತದೆ.

ಈಗ ನಕಲನ್ನು ‘ಕೆಲಸ’ದೊಳಗೆ ತೆರೆದು, ಮೊದಲೇ ಅದನ್ನು ಲೇಯರ್ ಉಳಿಸಿಕೊಳ್ಳುವ ಫೋಟೋಶಾಪಿನ ಸ್ವಂತ ಫೈಲಾದ ಪಿಎಸ್‌ಡಿ ಆಗಿ ಸೇವ್ ಮಾಡಿ. ಫೋಟೋ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಆಗ ಲೇಯರನ್ನು ಹಿಗ್ಗಿಸಿ ಕುಗ್ಗಿಸಿದರೂ ಒಳಗಿನ ಚುಕ್ಕೆಗಳು ಹಾಗೇ ಇರುತ್ತವೆ. ಬೆಳಕು ಏರಿಸಬೇಕೇ? ಮೇಲೊಂದು ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ, ಕೆಳಗಿನ 220 ಮತ್ತು 240 ಹಾಗೇ ಇರುತ್ತವೆ. ಕತ್ತರಿಸಬೇಕೇ? ಕ್ರಾಪ್ ಉಪಕರಣದ ಪಟ್ಟಿಯಲ್ಲಿ ‘ಡಿಲೀಟ್ ಕ್ರಾಪ್ಡ್ ಪಿಕ್ಸೆಲ್ಸ್’ ಅಂತ ಒಂದು ಚೌಕ ಇದೆ, ಆ ಗುರುತನ್ನು ತೆಗೆಯಿರಿ. ಸಹನಟರು ಚೌಕಟ್ಟಿನ ಆಚೆ ಮರೆಯಲ್ಲಿ ನಿಂತಿರುತ್ತಾರೆ, ಕರೆದಾಗ ಬರುತ್ತಾರೆ. ಕುಗ್ಗಿಸುವುದು ಕೊನೆಯಲ್ಲಿ, ಅದೂ ‘ಎಕ್ಸ್‌ಪೋರ್ಟ್ ಆ್ಯಸ್’ ಮೂಲಕ. ಆ 1080ರ ಚಿತ್ರ ‘ಕಳಿಸಿದ್ದು’ ಫೋಲ್ಡರಿಗೆ ಹೋಗಲಿ. ಇಷ್ಟೆಲ್ಲ ಲೇಯರ್ ಇರುವಾಗ ಮೂಲ ಯಾಕೆ ಅಂತ ಕೇಳುವವರಿದ್ದಾರೆ. ಪಿಎಸ್‌ಡಿ ಕೂಡ ಒಂದು ಫೈಲೇ. ಅರ್ಧರಾತ್ರಿ ನಿದ್ದೆಗಣ್ಣಲ್ಲಿ ಲೇಯರುಗಳನ್ನೆಲ್ಲ ಒಂದು ಮಾಡಿ ಸೇವ್ ಒತ್ತುವವರೂ ನಮ್ಮ ನಡುವೆಯೇ ಇದ್ದಾರೆ. ಅದಕ್ಕೇ ಮೊದಲು ನಕಲು, ಆಮೇಲೆ ಕತ್ತರಿ.

ಫೋಟೋ ವಿಷಯವೇ ಸಮಯವನ್ನೆಲ್ಲ ತಿಂದುಹಾಕಿತು. ಅಕ್ಷರದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಪ್ರೆಸ್‌ನವರು ಫಾಂಟ್ ತೊಂದರೆ ಬೇಡ ಅಂತ ಅಕ್ಷರಗಳನ್ನು ಔಟ್‌ಲೈನ್ ಮಾಡಿ ಕಳಿಸಿ ಅನ್ನುತ್ತಾರೆ. ಔಟ್‌ಲೈನ್ ಆದ ಮೇಲೆ ಅದು ಅಕ್ಷರವಲ್ಲ, ಬರೀ ಆಕಾರ. ಕರ್ಸರ್ ಇಟ್ಟು ಒಂದು ಒತ್ತಕ್ಷರ ತಿದ್ದಲಾಗದು. ನಾಟಕದ ತಾರೀಕು ಬದಲಾಗುವುದು, ಹೆಸರಲ್ಲಿ ದೀರ್ಘ ತಪ್ಪಿರುವುದು ಗೊತ್ತಾಗುವುದು ಸರಿಯಾಗಿ ಅದಾದ ಮೇಲೆಯೇ. ಹಾಗಾಗಿ ಔಟ್‌ಲೈನ್ ಮಾಡುವ ಮುಂಚೆ ‘ಸೇವ್ ಆ್ಯಸ್’ ಕೊಟ್ಟು ಬೇರೆ ಹೆಸರಿಡಿ, ತಿದ್ದಬಹುದಾದ ಫೈಲ್ ‘ಕೆಲಸ’ದಲ್ಲೇ ಉಳಿಯಲಿ. ಮುದ್ರಣಕ್ಕಾಗಿ ಸಿಎಂವೈಕೆಗೆ, ಅಂದರೆ ಪ್ರೆಸ್ಸಿನ ನಾಲ್ಕು ಶಾಯಿಗಳ ಬಣ್ಣಕ್ಕೆ, ಬದಲಿಸುವಾಗಲೂ ಇದೇ. ಆ ಶಾಯಿಗಳಿಗೆ ಎಟುಕದ ಗಾಢ ನೀಲಿ, ಹಸಿರು ಒಮ್ಮೆ ಮಂಕಾದವೆಂದರೆ, ಪರದೆಯ ಬಣ್ಣವಾದ ಆರ್‌ಜಿಬಿಗೆ ಹಿಂದಿರುಗಿಸಿದರೂ ಮಂಕಾಗಿಯೇ ಇರುತ್ತವೆ.

ಕೊನೆಯದಾಗಿ, ನಿಮಗೆ ಬಂದಿರುವುದು ಮೂಲವೇ ಹೌದೇ ಅಂತ ನೋಡಿ. ಮೊಬೈಲಿನಲ್ಲಿ ಫೋಟೋ ಆಗಿ ಕಳಿಸಿದರೆ ಮೆಸೇಜಿಂಗ್ ಆ್ಯಪ್‌ಗಳು ಸಾಮಾನ್ಯವಾಗಿ ದಾರಿಯಲ್ಲೇ ಕುಗ್ಗಿಸಿಬಿಡುತ್ತವೆ. ನೀವು ಎತ್ತಿಡುವುದು ಆಗಲೇ ಕುಗ್ಗಿದ ನಕಲನ್ನು. ಫೈಲಿನ ಪ್ರಾಪರ್ಟೀಸ್ ತೆರೆದು ಡೈಮೆನ್ಷನ್ಸ್ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದದ್ದು ಅಂತ ಹೇಳಿ ಅಲ್ಲಿ ಸಾವಿರದ ಚಿಲ್ಲರೆ ಚುಕ್ಕೆ ಇದ್ದರೆ, ಅದು ಮೂಲವಲ್ಲ. ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಲು ಹೇಳಿ. ಸಂಕೋಚ ಪಡದೆ ಅವತ್ತೇ ಕೇಳಿ, ಫೋಟೋ ತೆಗೆದವರು ಕಾರ್ಡ್ ಫಾರ್ಮ್ಯಾಟ್ ಮಾಡುವ ಮುಂಚೆ. ನಮಸ್ಕಾರ.